ಕ್ಯೂಆರ್ ವ್ಯಾಪಾರಕ್ಕೂ ಬ್ಯಾಂಕ್ ಜಮೆಗೂ ತಾಳೆ ಆಗದಿದ್ದರೆ

"ಶಿರಸಿಯಲ್ಲಿ ಸಣ್ಣ ಅಂಗಡಿ. ಶನಿವಾರ ಕ್ಯೂಆರ್‌ನಲ್ಲಿ 8,640 ಬಂತು, ಮರುದಿನ ಬ್ಯಾಂಕಿಗೆ ಬಿದ್ದದ್ದು 7,915. ಉಳಿದ 725 ಎಲ್ಲಿ ಹೋಯ್ತು?"

ಆ್ಯಪ್‌ನ ಸೆಟಲ್‌ಮೆಂಟ್ ಪುಟದಲ್ಲಿ ಆ 7,915ರ ಜಮೆ ತೆರೆದು ನೋಡಿ. ಅದರೊಳಗಿನ ಪ್ರತಿ ಪಾವತಿ, ಕಡಿತ, ಆ ಜಮೆಯ ಗುರುತಾದ ಯುಟಿಆರ್ ಸಂಖ್ಯೆ ಎಲ್ಲ ಸಿಗ್ತದೆ. ಯುಟಿಆರ್ ನಿಮ್ಮ ಬ್ಯಾಂಕ್ ಸ್ಟೇಟ್‌ಮೆಂಟಿನದಕ್ಕೆ ಹೊಂದಬೇಕು.

ಹೆಚ್ಚಾಗಿ ಗೊಂದಲ ಮಾಡುವುದು ಕಟ್-ಆಫ್ ಸಮಯ. ಮರುದಿನ ಒಟ್ಟಿಗೆ ಜಮೆ ಮಾಡುವ ಆ್ಯಪ್‌ಗಳು ದಿನವೂ ಒಂದು ನಿಗದಿತ ಸಮಯಕ್ಕೆ ಲೆಕ್ಕ ಮುಚ್ಚುತ್ತವೆ, ನೀವು ಬಾಗಿಲು ಹಾಕುವುದು ಅದರ ನಂತರ. ಕಟ್-ಆಫ್ ಆದಮೇಲೆ 600 ಬಂದು, ಸೌಂಡ್‌ಬಾಕ್ಸ್ ಬಾಡಿಗೆ 125 ಅದೇ ದಿನ ಕಡಿದಿದ್ದರೆ ಸರಿಯಾಗಿ 725. ಆ 600 ಮುಂದಿನ ಜಮೆಯಲ್ಲಿ ಇರ್ತದೆ, ಬಾಡಿಗೆ ಮಾತ್ರ ಖರ್ಚು. ಮಾರಿಕಾಂಬಾ ಜಾತ್ರೆಯಲ್ಲಿ ರಾತ್ರಿ ವ್ಯಾಪಾರ ಜೋರಿರುವಾಗ ಈ ವ್ಯತ್ಯಾಸ ಇನ್ನೂ ದೊಡ್ಡದಾಗ್ತದೆ. ಹಾಗಾಗಿ ಪುಸ್ತಕದಲ್ಲಿ ಕಟ್-ಆಫ್‌ನಿಂದ ಕಟ್-ಆಫ್‌ಗೆ ಮೊತ್ತ ಬರೆಯಿರಿ, ಬಾಡಿಗೆಗೆ ಬೇರೆ ಕಾಲಂ ಹಾಕಿ.

ಗಿರಾಕಿ ಬ್ಯಾಂಕ್ ಖಾತೆಯಿಂದ ಯುಪಿಐ ಮಾಡಿದರೆ ಅಂಗಡಿಯವರಿಗೆ ಶುಲ್ಕ ಇಲ್ಲ. ರುಪೇ ಕ್ರೆಡಿಟ್ ಕಾರ್ಡಿನಿಂದ 2,000 ಮೀರಿ ಕೊಟ್ಟಿದ್ದರೆ ಶುಲ್ಕ ಕಡಿಯಬಹುದು, ಅದೂ ಅದೇ ಪುಟದಲ್ಲಿ ಕಾಣ್ತದೆ. ಯಾವುದೂ ಹೊಂದದಿದ್ದರೆ ಆ ಯುಟಿಆರ್ ಕೊಟ್ಟು ಆ್ಯಪ್‌ನಲ್ಲೇ ದೂರು ಹಾಕಿ.