ಡಿಮರ್ಜರ್‌ನಲ್ಲಿ ಷೇರು ನಿಮ್ಮ ಕೈಗೆ, ಕಾರ್ವ್-ಔಟ್‌ನಲ್ಲಿ ದುಡ್ಡು ಕಂಪನಿ ಕೈಗೆ

ಪ್ರಶ್ನೆ: ನಾನು ಷೇರು ಇಟ್ಕೊಂಡಿರೋ ಕಂಪನಿ ತನ್ನ ಒಂದು ವ್ಯವಹಾರನ ಬೇರೆ ಮಾಡುತ್ತಂತೆ. ಡಿಮರ್ಜರ್ ಮಾಡಿದ್ರೆ ನಮಗೆ ಒಳ್ಳೇದಾ, ಅದರ ಐಪಿಒ ತಂದ್ರೆ ಒಳ್ಳೇದಾ?

ನಾನು ಬಸವನಗುಡಿಯಲ್ಲಿ ತೆರಿಗೆ ರಿಟರ್ನ್ ಮಾಡಿಕೊಡುತ್ತೇನೆ. 2023ರ ಜುಲೈ 20ರಂದು ನಿವೃತ್ತ ಮೇಷ್ಟ್ರೊಬ್ಬರು ಗಾಬರಿಯಿಂದ ಬಂದು ಮೊಬೈಲನ್ನು ನನ್ನ ಮುಂದಿಟ್ಟರು. ಅವರ ಹತ್ತಿರ ರಿಲಯನ್ಸಿನ 100 ಷೇರು ಇದ್ದವು. "ನಿನ್ನೆ 2,841 ರೂಪಾಯಿ ಇತ್ತು, ಇವತ್ತು 2,580ಕ್ಕೆ ಶುರುವಾಗಿದೆ. ಇಪ್ಪತ್ತಾರು ಸಾವಿರ ಎಲ್ಲಿ ಹೋಯ್ತು ಸಾರ್?"

ಎಲ್ಲೂ ಹೋಗಿರಲಿಲ್ಲ. ಅಂದು ಡಿಮರ್ಜರ್ ಮೂಲಕ ರಿಲಯನ್ಸಿನ ಹಣಕಾಸು ವ್ಯವಹಾರ ಜಿಯೋ ಫೈನಾನ್ಷಿಯಲ್ ಎಂಬ ಬೇರೆ ಕಂಪನಿಯಾಯಿತು. ಹಿಂದಿನ ದಿನದ ಮುಕ್ತಾಯ 2,841.85, ಅಂದು ಬೆಳಗಿನ ವಿಶೇಷ ಅವಧಿಯಲ್ಲಿ ನಿಂತ ಬೆಲೆ 2,580. ನಡುವಿನ 261.85 ರೂಪಾಯಿಯೇ ಹೊಸ ಷೇರಿನ ಬೆಲೆ ಎಂದು ಲೆಕ್ಕ ಹಾಕಿದರು. ಒಂದಕ್ಕೊಂದರಂತೆ ಮೇಷ್ಟ್ರಿಗೂ 100 ಷೇರು ಬಂತು. ಅಣ್ಣತಮ್ಮಂದಿರು ಪಾಲಾದ ಹಾಗೆ: ಆಸ್ತಿ ಅಷ್ಟೇ, ಖಾತೆ ಎರಡು. ಕಂಪನಿಗೆ ಹೊಸ ದುಡ್ಡು ಬರುವುದಿಲ್ಲ, ನಿಯಮದಂತೆ ನಡೆದ ಡಿಮರ್ಜರ್‌ನಲ್ಲಿ ಷೇರು ಬಂದಿದ್ದಕ್ಕೆ ನಿಮಗೆ ತೆರಿಗೆಯೂ ಇಲ್ಲ.

ಹಾಗಾದರೆ ಲಾಭ ಹುಟ್ಟುವುದು ಎಲ್ಲಿಂದ? ತೈಲ, ಟೆಲಿಕಾಂ ನಡುವೆ ಹುದುಗಿದ್ದ ಹಣಕಾಸಿನ ವ್ಯವಹಾರವನ್ನು ಅದರದೇ ಲೆಕ್ಕಪತ್ರ ನೋಡಿ ತೂಗಬಹುದು. ಅದರ ಮುಖ್ಯಸ್ಥರು ಬಂಡವಾಳಕ್ಕಾಗಿ ದೊಡ್ಡ ವ್ಯವಹಾರಗಳ ಜೊತೆ ಪೈಪೋಟಿ ಮಾಡಬೇಕಿಲ್ಲ, ಅವರ ಸಂಬಳ-ಇನಾಮು ಅದೇ ಷೇರಿನ ಬೆಲೆಗೆ ಕಟ್ಟಿಕೊಳ್ಳುತ್ತದೆ. ಇದಕ್ಕೆಲ್ಲ ವರ್ಷಗಳು ಬೇಕು. ಮೊದಮೊದಲು ಉಲ್ಟಾ ಆಗುವುದೂ ಉಂಟು. ಆ ಆಗಸ್ಟ್ 21ರಂದು ಲಿಸ್ಟ್ ಆದ ಮೇಲೆ ಜಿಯೋ ಷೇರು ದಿನ ದಿನ ಲೋವರ್ ಸರ್ಕ್ಯೂಟ್, ಅಂದರೆ ಒಂದು ದಿನಕ್ಕೆ ಇಳಿಯಬಹುದಾದ ಮಿತಿ, ಮುಟ್ಟಿತು. ಸೂಚ್ಯಂಕದಿಂದ ಹೊರಬೀಳುವ ಷೇರನ್ನು ಇಂಡೆಕ್ಸ್ ಫಂಡುಗಳು ಮಾರಲೇಬೇಕು, ಅದು ಕಂಪನಿ ಕೆಟ್ಟಿದೆ ಎಂಬ ತೀರ್ಪಲ್ಲ. ಆ ವಾರ ಹೆದರಿ ಮಾರಿದವರನ್ನು ನೆನೆದರೆ ಈಗಲೂ ಬೇಸರವಾಗುತ್ತದೆ.

ಕಾರ್ವ್-ಔಟ್ ಬೇರೆ ದಾರಿ. ಇಲ್ಲಿ ಮಾತೃ ಕಂಪನಿ ಅಂಗಸಂಸ್ಥೆಯ ಒಂದು ಚೂರನ್ನು ಐಪಿಒ ಮೂಲಕ ಹೊರಗಿನವರಿಗೆ ಮಾರಿ, ಹಿಡಿತ ತಾನೇ ಇಟ್ಟುಕೊಳ್ಳುತ್ತದೆ. ನಮ್ಮ ಬೆಂಗಳೂರಿನ ಬಯೋಕಾನ್ 2015ರಲ್ಲಿ ಸಿಂಜೀನ್ ವಿಷಯದಲ್ಲಿ ಮಾಡಿದ್ದು ಇದೇ. ಸಿಂಜೀನ್‌ನ 20 ಕೋಟಿ ಷೇರುಗಳಲ್ಲಿ 2.2 ಕೋಟಿಯನ್ನು 250 ರೂಪಾಯಿಯಂತೆ ಮಾರಿತು. ಪೂರ್ತಿ ಆಫರ್ ಫಾರ್ ಸೇಲ್, ಅಂದರೆ ಮಾರಿದ್ದೆಲ್ಲ ಬಯೋಕಾನ್ ಕೈಯಲ್ಲಿದ್ದ ಹಳೆಯ ಷೇರುಗಳೇ ಆದ್ದರಿಂದ 550 ಕೋಟಿ ಬಯೋಕಾನ್‌ಗೇ ಹೋಯಿತು, ಸಿಂಜೀನ್‌ಗೆ ಒಂದು ಪೈಸೆಯೂ ಇಲ್ಲ. ಬಯೋಕಾನ್ ಷೇರುದಾರರಿಗೆ 20 ಲಕ್ಷ ಷೇರು ಮೀಸಲಿತ್ತು, ಆದರೆ ಅದನ್ನೂ ದುಡ್ಡು ಕೊಟ್ಟೇ ಕೊಳ್ಳಬೇಕಿತ್ತು.

ಆಗ ಬಯೋಕಾನ್‌ಗೂ 20 ಕೋಟಿ ಷೇರುಗಳಿದ್ದವು. ಅಂದರೆ ಒಂದು ಬಯೋಕಾನ್ ಷೇರಿನ ಹಿಂದೆ, ತೆರಿಗೆ ಕಳೆಯುವ ಮೊದಲು, 27.50 ರೂಪಾಯಿ ನಗದು ಬಂತು. ಸಿಂಜೀನ್‌ನಲ್ಲಿ ಬಯೋಕಾನ್ ಕೈಯಲ್ಲೇ ಉಳಿದ ಸುಮಾರು 74% ಪಾಲಿಗೆ ಅದೇ ಬೆಲೆ ಹಾಕಿದರೆ ಷೇರಿಗೆ ಸುಮಾರು 185 ರೂಪಾಯಿ. ಅಲ್ಲಿಯವರೆಗೆ ಊಹೆಯಾಗಿದ್ದ ಮೌಲ್ಯಕ್ಕೆ ದಿನವೂ ಕಾಣುವ ಬೆಲೆ ಸಿಕ್ಕಿತು, ಸಾಲ ಮಾಡದೆ ಬಂಡವಾಳವೂ ಬಂತು. ಕಾರ್ವ್-ಔಟ್‌ನ ನಿಜವಾದ ಲಾಭ ಇದೇ. ಆದರೆ ಆ 185 ನಿಮ್ಮ ಡಿಮ್ಯಾಟ್‌ನಲ್ಲಿರುವುದಿಲ್ಲ. ನೀವಾಗಿ ಮಾರಲಾಗದ ಆಸ್ತಿಗೆ ಮಾರುಕಟ್ಟೆ ಸಾಮಾನ್ಯವಾಗಿ ಪೂರ್ತಿ ಬೆಲೆ ಕೊಡುವುದಿಲ್ಲ. ಬಂದ ನಗದನ್ನು ಆಡಳಿತ ಮಂಡಳಿ ಎಲ್ಲಿ ಹಾಕುತ್ತದೆ ಎಂಬುದರ ಮೇಲೆ ನಿಮ್ಮ ಲಾಭ ನಿಂತಿರುತ್ತದೆ. ಇನ್ನೊಂದು, ಒಳಗಿನವರು ಮಾರಲು ಬರುವುದು ಒಳ್ಳೆಯ ಬೆಲೆ ಸಿಗುವ ಕಾಲದಲ್ಲೇ. ಐಪಿಒದಲ್ಲಿ ಕೊಳ್ಳುವವರು ಇದನ್ನು ಮರೆಯಬಾರದು.

ಆಡಳಿತದ ಮೇಲೆ ಪೂರ್ತಿ ನಂಬಿಕೆ ಇಲ್ಲದಿದ್ದರೆ ನಾನು ಡಿಮರ್ಜರ್ ಕಡೆಗೇ. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಮಾರಬೇಕು ಎಂದು ನಾನೇ ತೀರ್ಮಾನಿಸಬಹುದು. ಕಂಪನಿಗೆ ದುಡ್ಡಿನ ಅಗತ್ಯ ನಿಜವಾಗಿ ಇದ್ದು, ಎಲ್ಲಿ ಹೂಡುತ್ತೇವೆಂದು ಸ್ಪಷ್ಟವಾಗಿ ಹೇಳಿದ್ದರೆ ಕಾರ್ವ್-ಔಟ್ ಸರಿ.

ಡಿಮರ್ಜರ್ ಆದರೆ ಒಂದು ಕೆಲಸ ಮಾತ್ರ ಮಾಡಿಕೊಳ್ಳಿ. ಹಳೆಯ ಖರೀದಿ ಬೆಲೆಯನ್ನು ಎರಡು ಷೇರಿಗೂ ಹಂಚಬೇಕು, ಅದೂ ಮಾರುಕಟ್ಟೆ ಬೆಲೆಯಂತಲ್ಲ, ಕಂಪನಿಯ ಲೆಕ್ಕಪುಸ್ತಕದಲ್ಲಿರುವ ಮೌಲ್ಯದಂತೆ. ರಿಲಯನ್ಸ್ ಪ್ರಕಟಿಸಿದ ಪ್ರಮಾಣ 95.32% ಮತ್ತು 4.68%. ಮೇಷ್ಟ್ರು 2,000 ರೂಪಾಯಿಯಂತೆ ಕೊಂಡಿದ್ದರು, ಹಾಗಾಗಿ ಜಿಯೋ ಷೇರಿನ ಖರೀದಿ ಬೆಲೆ 93.60, ರಿಲಯನ್ಸಿನದು 1,906.40. ಖರೀದಿ ದಿನಾಂಕವೂ ಹಳೆಯದೇ. ಮುಂದೆ ಅವರು ಜಿಯೋ ಷೇರು ಮಾರಿದಾಗ ಬ್ರೋಕರ್ ಸ್ಟೇಟ್‌ಮೆಂಟಿನಲ್ಲಿ ಖರೀದಿ ಬೆಲೆ ಸೊನ್ನೆ ಎಂದಿತ್ತು. ಹಾಗೇ ರಿಟರ್ನ್ ಹಾಕಿದ್ದರೆ 9,360 ರೂಪಾಯಿಯಷ್ಟು ಇಲ್ಲದ ಲಾಭವನ್ನು ತೋರಿಸಿದಂತಾಗುತ್ತಿತ್ತು.