ಒಂದು 90 ನೋಡಿ ಕೈಬಿಡಬೇಡಿ

"ಅಮ್ಮನ ರಕ್ತದಲ್ಲಿ ಈಸಿನೋಫಿಲ್ ಬರೀ 90 ಬಂದಿದೆ. ಹಾಗಾದ್ರೆ ಆಸ್ತಮಾದ ಬಯೋಲಾಜಿಕ್ ಇಂಜೆಕ್ಷನ್ ಅವರಿಗೆ ಆಗಲ್ವಾ?"

ರಕ್ತ ಕೊಟ್ಟ ದಿನ ಅಮ್ಮ ಸ್ಟಿರಾಯ್ಡ್ ಮಾತ್ರೆ ತಗೊಳ್ತಾ ಇದ್ದರಾ? ಮೊದಲು ಅದನ್ನು ನೋಡಿ. ಆ ಮಾತ್ರೆ ಈಸಿನೋಫಿಲ್ ಅನ್ನೋ ಬಿಳಿ ರಕ್ತಕಣಗಳನ್ನು ಬೇಗ ಇಳಿಸಿಬಿಡುತ್ತದೆ. ಹಳೆಯ ರಿಪೋರ್ಟ್‌ಗಳನ್ನು ಹುಡುಕಿ. ಶೇಕಡಾವಾರು ಮಾತ್ರ ಇದ್ದರೆ ಲೆಕ್ಕ ಸುಲಭ: ಬಿಳಿ ರಕ್ತಕಣ 8,000, ಈಸಿನೋಫಿಲ್ ಶೇ. 5 ಇದ್ದರೆ 400 ಆಯ್ತು. ಮಾತ್ರೆ ಇಲ್ಲದಾಗಿನ ಆ 400ಕ್ಕೇ ಬೆಲೆ ಜಾಸ್ತಿ.

ಈ ಬಯೋಲಾಜಿಕ್‌ಗಳಲ್ಲಿ ಒಂದಾದ ಮೆಪೊಲಿಜುಮ್ಯಾಬ್‌ಗೆ ಸಾಮಾನ್ಯವಾಗಿ ಈಗ 150 ಅಥವಾ ಕಳೆದ ವರ್ಷದಲ್ಲಿ ಒಮ್ಮೆ 300 ಇರಬೇಕು ಅಂತಾರೆ. ಬೆನ್ರಾಲಿಜುಮ್ಯಾಬ್ 300 ದಾಟಿದವರಿಗೆ ಚೆನ್ನಾಗಿ ಹಿಡಿಯುತ್ತದೆ. ನಿಜಕ್ಕೂ ಕಡಿಮೆಯೇ ಇದ್ದರೂ ದಾರಿ ಮುಚ್ಚಿಲ್ಲ. ಅಲರ್ಜಿ ಇದ್ದು, ಅದಕ್ಕೆ ಸಂಬಂಧಿಸಿದ ಐಜಿಇ ಅನ್ನೋ ಪ್ರತಿಕಾಯ ರಕ್ತದಲ್ಲಿ ಹೆಚ್ಚಿದ್ದರೆ ಒಮಾಲಿಜುಮ್ಯಾಬ್ ಇದೆ. ಟೆಜೆಪೆಲುಮ್ಯಾಬ್ ಕೊಡೋಕೆ ಈ ಎಣಿಕೆಯ ಮಿತಿಯೇ ಇಲ್ಲ.

ಆದರೆ ಬರೀ ಎಣಿಕೆ ನೋಡಿ ಯಾರೂ ಇಂಜೆಕ್ಷನ್ ಶುರು ಮಾಡುವುದಿಲ್ಲ. ಹೆಚ್ಚಿನ ಡೋಸಿನ ಇನ್ಹೇಲರ್ ಸರಿಯಾಗಿ ಎಳೆದೂ ವರ್ಷಕ್ಕೆ ಎರಡು ಮೂರು ಸಲ ಸ್ಟಿರಾಯ್ಡ್ ಕೋರ್ಸ್ ಬೇಕಾಗುತ್ತಿದೆಯಾ ಅಂತ ಕೇಳ್ತಾರೆ. ಡಾಕ್ಟರ ಎದುರೇ ಒಮ್ಮೆ ಎಳೆದು ತೋರಿಸಲಿ. ಎಷ್ಟೋ ಜನರ ಔಷಧಿ ಗಂಟಲಲ್ಲೇ ಉಳಿದಿರುತ್ತದೆ!

ಇನ್ನೊಂದು, ಹೊಟ್ಟೆಹುಳ ಇದ್ದರೂ ಈಸಿನೋಫಿಲ್ ಏರುತ್ತದೆ. ಹಳೆಯ ಎಣಿಕೆ ತುಂಬಾ ಜಾಸ್ತಿ ಇದ್ದರೆ ಮಲ ಪರೀಕ್ಷೆ ಬೇಕಾ ಅಂತ ಕೇಳಿ. ಸ್ಟಿರಾಯ್ಡ್ ಮಾತ್ರೆಯನ್ನು ಮಾತ್ರ ರಕ್ತ ಪರೀಕ್ಷೆಗೋಸ್ಕರ ನೀವೇ ನಿಲ್ಲಿಸಬೇಡಿ.