ನುಡಿನಮನದಲ್ಲಿ ಯಾರು ಮಾತಾಡಬೇಕು?

"ಎರಡು ವರ್ಷದ ಹಿಂದೆ ದೊಡ್ಡಪ್ಪನ ಹನ್ನೊಂದನೇ ದಿನದ ನುಡಿನಮನದಲ್ಲಿ ಅವರ ಇಬ್ಬರು ಹೆಣ್ಣುಮಕ್ಕಳಿಗೆ ಮಾತಾಡಲು ಸಮಯ ಸಿಗಲಿಲ್ಲ. ಅಂದಿನಿಂದ ಅವರು ತವರಿಗೆ ಬಂದಿಲ್ಲ. ಈಗ ನಮ್ಮಪ್ಪನಿಗೆ 86, ಹಾಸಿಗೆ ಹಿಡಿದಿದ್ದಾರೆ. ನಾವು ಮೂವರು ಗಂಡು, ಇಬ್ಬರು ಹೆಣ್ಣು. ದೊಡ್ಡಪ್ಪನ ಮಕ್ಕಳು ನಾಲ್ವರು. ಅಪ್ಪನನ್ನು ಅಣ್ಣ-ಅತ್ತಿಗೆ ನೋಡಿಕೊಳ್ಳುತ್ತಾರೆ. ತಮ್ಮ ಬೆಂಗಳೂರಿನಲ್ಲಿದ್ದಾನೆ, ಚೆನ್ನಾಗಿ ಮಾತಾಡ್ತಾನೆ. ಈಗಲೇ ಇದನ್ನೆಲ್ಲ ಮಾತಾಡೋದು ತಪ್ಪಾ?"
— ಓದುಗರೊಬ್ಬರು, ಕುಷ್ಟಗಿ ತಾಲ್ಲೂಕು

ತಪ್ಪಲ್ಲ. ಅಪ್ಪನ ಹಾಸಿಗೆಯ ಪಕ್ಕ ಕೂತು ಮಾತಾಡಬೇಡಿ, ಅಷ್ಟೇ.

ಆ ಹೆಣ್ಣುಮಕ್ಕಳನ್ನು ಯಾರೂ ಬೇಕಂತ ಬಿಟ್ಟಿರಲಿಕ್ಕಿಲ್ಲ. ಲೆಕ್ಕ ಹಾಕಿ ನೋಡಿ. ಎರಡೂ ಮನೆ ಸೇರಿ ನೀವು ಒಂಬತ್ತು ಮಂದಿ. ಐದು ನಿಮಿಷ ಅಂತ ಹೇಳಿ ಮೈಕ್ ಹಿಡಿದವರು ಹತ್ತು ನಿಮಿಷ ಬಿಡುವುದಿಲ್ಲ. ಅಲ್ಲಿಗೇ ಒಂದೂವರೆ ಗಂಟೆ ಆಯಿತು. ನಡುವೆ ಊರಿನ ಮುಖಂಡರು ಬರುತ್ತಾರೆ, ಅವರಿಗೂ ಮೈಕ್ ಕೊಡಬೇಕು. ಸ್ವಾಮಿಗಳ ಆಶೀರ್ವಚನ ಇದೆ, ಅತ್ತ ಪ್ರಸಾದದ ಹೊತ್ತು ಮೀರುತ್ತಿದೆ. ಆಗ ಪಟ್ಟಿಯ ಕೊನೆಯ ಹೆಸರುಗಳು ಬಿದ್ದುಹೋಗುತ್ತವೆ. ನಮ್ಮಲ್ಲಿ ಕೊನೆಗೆ ಬರೆಯುವುದು ಹೆಣ್ಣುಮಕ್ಕಳ ಹೆಸರನ್ನೇ, ಅಲ್ವಾ? ನಮ್ಮವ್ವನ ನುಡಿನಮನದಲ್ಲೂ ಹೀಗೇ ಆಯಿತು. ನಮ್ಮಕ್ಕ ಬರೆದು ತಂದಿದ್ದ ಹಾಳೆ ಮಡಿಚಿದಂತೆಯೇ ಉಳಿಯಿತು. ಅದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಕ್ರಿಯೆಯಲ್ಲಿ ಯಾರು ಮುಂದೆ ನಿಲ್ಲಬೇಕು ಅನ್ನೋದನ್ನು ಅಯ್ಯನೋರು, ಓಣಿಯ ಹಿರಿಯರು ಹೇಳುತ್ತಾರೆ. ಅದನ್ನು ಅವರಿಗೇ ಬಿಡಿ. ನೀವು ಹಂಚಬೇಕಾದದ್ದು ಉಳಿದದ್ದನ್ನು.

ಮಾತಿಗೆ ನಾಲ್ಕೇ ಜನ ಸಾಕು, ಒಬ್ಬರಿಗೆ ನಾಲ್ಕು ನಿಮಿಷ. ವಯಸ್ಸು ನೋಡಿ ಆರಿಸಬೇಡಿ, ಮಾತಿನ ಜಾಣತನ ನೋಡಿಯೂ ಬೇಡ. ಅಪ್ಪನ ಯಾವ ಕಾಲ ಯಾರಿಗೆ ಗೊತ್ತು ಅಂತ ಕೇಳಿಕೊಳ್ಳಿ. ಕೂಡು ಕುಟುಂಬದ ದಿನಗಳು, ಅಪ್ಪನ ಜೊತೆ ಹೊಲದಲ್ಲಿ ದುಡಿದದ್ದು ದೊಡ್ಡಪ್ಪನ ಹಿರಿಮಗನಿಗೆ ನಿಮಗಿಂತ ಜಾಸ್ತಿ ಗೊತ್ತಿರುತ್ತದೆ. ಮೊದಲ ಮಾತು ಅವರದಾಗಲಿ. ಎರಡನೆಯದು ದೊಡ್ಡಪ್ಪನ ಮಗಳೊಬ್ಬಳದು, ಕಾಕಾನ ಮನೆಯಲ್ಲಿ ಬೆಳೆದದ್ದನ್ನು ಅವಳು ಹೇಳಲಿ. ಮೂರನೆಯದು ನಿಮ್ಮ ಅಕ್ಕನದು. ಮನೆಯೊಳಗಿನ ಅಪ್ಪನನ್ನು ಹೆಣ್ಣುಮಕ್ಕಳು ಕಂಡಷ್ಟು ನೀವು ಕಂಡಿರಲಿಕ್ಕಿಲ್ಲ. ಕೊನೆಗೆ ನಿಮ್ಮ ಅಣ್ಣ. ಅವರಿಗೆ ಮಾತು ಬಾರದಿದ್ದರೆ ಎರಡೇ ಸಾಲು ಹೇಳಿ ಕೈಮುಗಿಯಲಿ, ಸಾಕು. ಎಲ್ಲರೂ ಬರೆದುಕೊಂಡೇ ಬರಲಿ. ನೋಟ್‌ಬುಕ್ಕಿನ ಒಂದೂವರೆ ಪುಟಕ್ಕಿಂತ ಹೆಚ್ಚು ಬೇಡ. ದುಃಖ ಉಕ್ಕಿ ಮಾತು ನಿಂತರೆ ಪಕ್ಕದವರು ಅದೇ ಹಾಳೆಯನ್ನು ಓದಿ ಮುಗಿಸಬಹುದು. ಯಾರು ಎಷ್ಟು ಖರ್ಚು ಮಾಡಿದರು, ಯಾರು ಆಸ್ಪತ್ರೆಗೆ ಓಡಾಡಿದರು ಅನ್ನೋ ಮಾತು ಯಾರ ಹಾಳೆಯಲ್ಲೂ ಬೇಡ.

ನಿಮ್ಮ ತಮ್ಮನಿಗೆ ನೋವಾಗಬಹುದು. ನಾಲ್ವರ ನೆನಪುಗಳನ್ನೂ ಕೇಳಿ ಅಪ್ಪನ ಬದುಕನ್ನು ಬರೆಯುವ ಕೆಲಸ ಅವನಿಗೆ ಕೊಡಿ. ಅದನ್ನು ಅವನ ಹೆಸರಿನಲ್ಲೇ ಅಚ್ಚು ಹಾಕಿಸಿ ಬಂದವರಿಗೆ ಹಂಚಿ. ಮೈಕ್ ಮಾತ್ರ ಮಕ್ಕಳ ಕೈಯಲ್ಲಿ ಬೇಡ. ಅದನ್ನು ನಡೆಸಲು ಅಳಿಯಂದಿರಲ್ಲಿ ಒಬ್ಬರನ್ನು ಕೇಳಿ. "ಸಮಯ ಆಯ್ತು" ಅಂತ ಅಣ್ಣ ತಮ್ಮನಿಗೆ ಹೇಳಿದರೆ ಅದು ಮನಸ್ಸಿಗೆ ನಾಟುತ್ತದೆ, ಅಳಿಯ ಹೇಳಿದರೆ ಹಾಗಾಗುವುದಿಲ್ಲ. ತಡವಾಗಿ ಬಂದ ಮುಖಂಡರನ್ನು ಹೂ ಹಾಕಲು ಕರೆಯುವುದೂ ಅವರದೇ ಕೆಲಸ.

ಉಳಿದವರಿಗೆ ಉಳಿದ ಕೆಲಸ. ಸುದ್ದಿ ಮುಟ್ಟಿಸುವುದು ಇಬ್ಬರಿಗೆ, ಒಬ್ಬರು ತಂದೆಯ ಕಡೆಯವರಿಗೆ, ಇನ್ನೊಬ್ಬರು ಬೀಗರಿಗೆ. ದೊಡ್ಡಪ್ಪನ ಮಕ್ಕಳಿಗೆ ವಾಟ್ಸಾಪ್ ಸ್ಟೇಟಸ್ ನೋಡಿ ಗೊತ್ತಾಗಬಾರದು, ಫೋನೇ ಹೋಗಬೇಕು. ಖರ್ಚಿನ ಪುಸ್ತಕ ಒಬ್ಬರ ಹತ್ತಿರವೇ ಇರಲಿ. ಮರಣ ನೋಂದಣಿ 21 ದಿನದೊಳಗೆ ಆಗಬೇಕು, ಅದಕ್ಕೂ ಒಬ್ಬರ ಹೆಸರು ಬರೆದಿಡಿ.

ಇಷ್ಟನ್ನೂ ನಾನು ಬರೆದೆ ಅಂತ ಇದೇ ಪಟ್ಟಿ ಹಿಡಿದು ದೊಡ್ಡಪ್ಪನ ಮನೆಗೆ ಹೋಗಬೇಡಿ. ಬರಿಗೈಲಿ ಹೋಗಿ, ಫೋನಿನಲ್ಲಿ ಮಾತ್ರ ಬೇಡ. "ಅಣ್ಣಾ, ಅಪ್ಪನ ವಿಷಯದಾಗ ನಿನ್ನ ಬಿಟ್ಟು ನಾವೇನೂ ಮಾಡಂಗಿಲ್ಲ, ನೀನ ಹೇಳು" ಅಂತ ಕೇಳಿ. "ನಿಮಗ ಹೆಂಗ ಬೇಕೋ ಹಂಗ ಮಾಡ್ರಿ" ಎಂಬ ಉತ್ತರ ಬಂದರೆ ಒಪ್ಪಿಗೆ ಅಂತ ಎದ್ದು ಬರಬೇಡಿ. ಮನಸ್ಸಿಗೆ ನೋವಾದವರು ಹೇಳುವ ಮಾತದು. ಅವತ್ತು ಸುಮ್ನೆ ಊಟ ಮಾಡಿ ಬನ್ನಿ, ಎಂಟು ದಿನ ಬಿಟ್ಟು ಮತ್ತೆ ಹೋಗಿ. ಅವರ ಇಬ್ಬರು ತಂಗಿಯರ ಮನೆಗೂ ನೀವೇ ಹೋಗಿ, ಅವರ ಅಣ್ಣನ ಮೂಲಕ ಕೇಳಿಸಬೇಡಿ. ಇಬ್ಬರಲ್ಲಿ ಯಾರು ಮಾತಾಡಬೇಕು ಅಂತ ಅವರೇ ಹೇಳಲಿ. ಇಬ್ಬರೂ ಮಾತಾಡ್ತೀವಿ ಅಂದರೆ ನಾಲ್ಕನ್ನು ಐದು ಮಾಡಿ.

ನಿಮ್ಮ ಪತ್ರದಲ್ಲಿ ಒಂದೇ ಸಲ ಬಂದುಹೋದ ಹೆಸರು ನಿಮ್ಮ ಅತ್ತಿಗೆಯದು. ಹಾಸಿಗೆ ಹಿಡಿದ ಮಾವನಿಗೆ ದಿನಾ ಉಣಿಸಿ, ಮೈ ತೊಳೆಯುವವರು ಅವರೇ ಇರಬೇಕು. ಅವರಿಗೂ ಏನಾದರೂ ಹೇಳುವುದಿದೆಯಾ ಅಂತ ಕೇಳಿ. ಬೇಡ ಅಂದರೆ, ನಿಮ್ಮ ಅಣ್ಣ ಆಡುವ ಎರಡು ಸಾಲಿನಲ್ಲಿ ಒಂದು ಅವರ ಬಗ್ಗೆ ಇರಲಿ.

— ಸಂಪಾದಕ